ಮಧ್ಯಸ್ಥರ ಮುಂದೆ ಕೂರುವ ಮುನ್ನ ಕರಾರು ಪತ್ರ ತೆಗೆಯಿರಿ

ಮುಂಬಯಿಯ ಮಾಟುಂಗಾ ಕಡೆ ನಮ್ಮವರ ಹೋಟೆಲ್ ಪಾಲುದಾರಿಕೆ ಮುರಿದರೆ ಮೊದಲು ಬರುವ ಮಾತು, 'ಮಧ್ಯಸ್ಥರನ್ನು ಕರೆಸೋಣ.' ಎಡವಟ್ಟು ಶುರುವಾಗುವುದೇ ಇಲ್ಲಿ. ಕನ್ನಡದಲ್ಲಿ ನಾವು ಮೀಡಿಯೇಟರ್‌ನನ್ನೂ ಮಧ್ಯಸ್ಥ ಅನ್ನುತ್ತೇವೆ, ಆರ್ಬಿಟ್ರೇಟರ್‌ನನ್ನೂ ಮಧ್ಯಸ್ಥ ಅನ್ನುತ್ತೇವೆ. ಇಬ್ಬರ ಕೆಲಸ ಬೇರೆ ಬೇರೆ: ಮೀಡಿಯೇಟರ್ ರಾಜಿ ಮಾಡಿಸುತ್ತಾರೆ, ಆರ್ಬಿಟ್ರೇಟರ್ ತೀರ್ಪು ಕೊಡುತ್ತಾರೆ.

ಮೊದಲು ಕರಾರು ಪತ್ರ ಓದಿ. ಇಂಗ್ಲಿಷ್‌ನಲ್ಲಿದ್ದರೆ 'ಆರ್ಬಿಟ್ರೇಷನ್', ಮರಾಠಿಯಲ್ಲಿದ್ದರೆ 'ಲವಾದ' ಎಂಬ ಪದ ಹುಡುಕಿ. ಅದಿದ್ದರೆ ನಿಮಗೆ ಇಷ್ಟವಿಲ್ಲದಿದ್ದರೂ ಎದುರಾಳಿ ನಿಮ್ಮನ್ನು ಆರ್ಬಿಟ್ರೇಟರ್ ಮುಂದೆ ಎಳೆಯಬಹುದು.

ಆಮೇಲೆ ಎದುರಿಗೆ ಕೂತವರು ಯಾವ ಬಗೆಯ ಮಧ್ಯಸ್ಥರು ಎಂದು ತಿಳಿದುಕೊಳ್ಳಿ. ಒಂದು ಉದಾಹರಣೆ ನೋಡೋಣ. ಬಿಟ್ಟು ಹೋಗುವ ಪಾಲುದಾರ 18 ಲಕ್ಷ ಕೇಳುತ್ತಾನೆ. ಉಳಿಯುವವನು 10 ಲಕ್ಷಕ್ಕಿಂತ ಜಾಸ್ತಿ ಕೊಡಲ್ಲ ಅನ್ನುತ್ತಾನೆ.

ಮೀಡಿಯೇಟರ್ ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಮಾತಾಡಿಸುತ್ತಾರೆ. ಮಗಳ ಕಾಲೇಜಿಗೆ ಜೂನ್‌ನೊಳಗೆ 5 ಲಕ್ಷ ಬೇಕು, ಉಳಿದದ್ದು ನಿಧಾನಕ್ಕೆ ಬಂದರೂ ಆದೀತು ಎಂದು ಮೊದಲನೆಯವನು ಅಲ್ಲಿ ಬಾಯಿಬಿಡುತ್ತಾನೆ. ಅವನು ಒಪ್ಪಿದರಷ್ಟೇ ಆ ಮಾತು ಆಚೆ ಹೋಗುತ್ತದೆ. ಕೊನೆಗೆ ಎಷ್ಟು, ಯಾವಾಗ ಎಂದು ಹೇಳುವವರು ಪಾಲುದಾರರೇ.

ಕನ್ಸಿಲಿಯೇಟರ್, ಅಂದರೆ ಸಂಧಾನಕಾರರು, ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. 'ಈಗ 5 ಲಕ್ಷ, ಆಮೇಲೆ ತಲಾ 3 ಲಕ್ಷದ ಮೂರು ಕಂತು' ಎಂದು ತಾವೇ ಪ್ರಸ್ತಾವ ಮುಂದಿಡಬಹುದು. 1996ರ ಆರ್ಬಿಟ್ರೇಷನ್ ಮತ್ತು ಕನ್ಸಿಲಿಯೇಷನ್ ಕಾಯ್ದೆಯಲ್ಲೇ ಅದಕ್ಕೆ ಅವಕಾಶವಿದೆ. ನೀವು ಬೇಡ ಅನ್ನಬಹುದು. ಆದರೆ ಸಹಿ ಹಾಕಿದಿರೋ, ಆ ಒಪ್ಪಂದಕ್ಕೆ ಆರ್ಬಿಟ್ರೇಟರ್ ತೀರ್ಪಿನಷ್ಟೇ ಬಲ.

ಆರ್ಬಿಟ್ರೇಟರ್ ಮುಂದೆ ಮಗಳ ಕಾಲೇಜಿನ ಕಥೆ ನಡೆಯುವುದಿಲ್ಲ. ಅವರು ಕರಾರು, ಲೆಕ್ಕದ ಪುಸ್ತಕ, ಸಾಕ್ಷಿ ನೋಡಿ ತೀರ್ಪು ಬರೆಯುತ್ತಾರೆ. ಎದುರಾಳಿ ಇಲ್ಲದಾಗ ಅವರನ್ನು ಒಬ್ಬರೇ ಹೋಗಿ ಕಾಣಬೇಡಿ, ಊರಿನವರೇ ಆಗಿದ್ದರೂ. ಜನ ಜಾಸ್ತಿ ಕೆಡುವುದು ನೋಟಿಸ್ ಬಂದಾಗ. ಸುಮ್ನೆ ಪಂಚಾಯ್ತಿ ಅಲ್ವಾ ಎಂದು ಡ್ರಾಯರ್‌ಗೆ ಹಾಕುತ್ತಾರೆ. ನೀವು ಬರದಿದ್ದರೂ ವಿಚಾರಣೆ ನಡೆಯುತ್ತದೆ, ಇದ್ದ ಸಾಕ್ಷಿಯ ಮೇಲೆ ತೀರ್ಪೂ ಬರುತ್ತದೆ. ಅದನ್ನು ಪ್ರಶ್ನಿಸಲು ತೀರ್ಪಿನ ಪ್ರತಿ ಕೈಸೇರಿದ ದಿನದಿಂದ 3 ತಿಂಗಳು. ತಕ್ಕ ಕಾರಣ ತೋರಿಸಿದರೆ ಇನ್ನು 30 ದಿನ, ಅಷ್ಟೇ. ಅದೂ 'ಮೊತ್ತ ಜಾಸ್ತಿಯಾಯಿತು' ಎಂದರೆ ಕೋರ್ಟ್ ಕೇಳುವುದಿಲ್ಲ. ನೋಟಿಸೇ ತಲುಪಲಿಲ್ಲ, ನನ್ನ ಮಾತು ಹೇಳಲು ಬಿಡಲಿಲ್ಲ ಎಂಬಂಥ ಕಾರಣ ಬೇಕು.

ಝೆರಾಕ್ಸ್ ಅಂಗಡಿಯ ಸಿದ್ಧ ಕರಾರು ಮಾತ್ರ ಕೊಳ್ಳಬೇಡಿ. 'ಮೊದಲನೇ ಪಾಲುದಾರರು ನೇಮಿಸಿದವರೇ ಆರ್ಬಿಟ್ರೇಟರ್' ಎಂಬ ಸಾಲು ಅಂಥವುಗಳಲ್ಲಿ ನುಸುಳಿರುತ್ತದೆ. ಒಂದೇ ಕಡೆಯವರು ತಮಗೆ ಬೇಕಾದ ಒಬ್ಬರನ್ನೇ ಕೂರಿಸುವುದನ್ನು ಸುಪ್ರೀಂ ಕೋರ್ಟ್ 2019ರಲ್ಲೇ ಒಪ್ಪಿಲ್ಲ. ನಿಮ್ಮ ಪತ್ರದಲ್ಲಿ ಆ ಸಾಲಿದ್ದರೆ, ವಿಚಾರಣೆಗೆ ಕೂರುವ ಮೊದಲೇ ಲಿಖಿತವಾಗಿ ಆಕ್ಷೇಪಿಸಿ.

ನನ್ನ ಕೇಳಿದರೆ, ಹೊಸ ಕರಾರಿನಲ್ಲಿ 'ಮೊದಲು ಮೀಡಿಯೇಷನ್, 60 ದಿನದಲ್ಲಿ ಬಗೆಹರಿಯದಿದ್ದರೆ ಆರ್ಬಿಟ್ರೇಷನ್' ಎಂದು ಬರೆಸಿ. ಮೀಡಿಯೇಟರ್ ಆಗಿ ಕೂತವರೇ ಆಮೇಲೆ ಆರ್ಬಿಟ್ರೇಟರ್ ಆಗಬಾರದು ಎಂದೂ ಸೇರಿಸಿ. ಮಗಳ ಫೀಸಿನ ಅವಸರ ಅವರಿಗೆ ಗೊತ್ತಾಗಿಬಿಟ್ಟಿರುತ್ತದಲ್ಲ.