ಬ್ಲಾಕ್ ಆದರೆ ಎಣಿಕೆ ಸೊನ್ನೆಯಿಂದ

ಹೊನಲು ಬೆಳಕಿನ ವಾಲಿಬಾಲ್ ಪಂದ್ಯವೊಂದರಲ್ಲಿ ಮೊದಲನೇ ಅಂಪೈರ್ ಆಗಿ ಸ್ಟ್ಯಾಂಡ್ ಹತ್ತಿದ್ದೆ. ಎದುರಾಳಿ ಹೊಡೆದ ಸ್ಮ್ಯಾಷ್ ನಡುವಿನ ಬ್ಲಾಕರ್‌ನ ಬೆರಳಿಗೆ ತಾಗಿ ಅವನ ಕಡೆಗೇ ಬಿತ್ತು. ಅವನೇ ಕೆಳಗಿಳಿದು, ಬಗ್ಗಿ, ಚೆಂಡನ್ನು ಎತ್ತಿದ. ಲಿಫ್ಟರ್ ಮೇಲಕ್ಕೆ ಹಾಕಿದ, ಇನ್ನೊಬ್ಬ ಹೊಡೆದ. ನಾನು ಸೀಟಿ ಊದಿ, ನಾಲ್ಕು ಟಚ್ ಆಯಿತೆಂದು ನಾಲ್ಕು ಬೆರಳು ತೋರಿಸಿದೆ. ಕ್ಯಾಪ್ಟನ್ ಓಡಿ ಬಂದು, "ಸಾರ್, ಬ್ಲಾಕ್ ಲೆಕ್ಕಕ್ಕಿಲ್ವಲ್ಲ?" ಅಂದ. ಅವನು ಹೇಳಿದ್ದೇ ಸರಿ. ಆ ಪಾಯಿಂಟನ್ನು ಮತ್ತೆ ಆಡಿಸಿದೆ.

ನಾನು ಆಟ ಕಲಿತದ್ದು ಮರಳಿನ ಮೇಲೆ. ಬೀಚ್ ವಾಲಿಬಾಲ್‌ನಲ್ಲಿ ಬ್ಲಾಕ್ ಕೂಡ ಮೊದಲ ಟಚ್, ಆಮೇಲೆ ಉಳಿಯುವುದು ಎರಡೇ. ಆರು ಜನರ ಆಟದಲ್ಲಿ ಹಾಗಲ್ಲ. ಬ್ಲಾಕ್ ಆದ ಮೇಲೂ ಪೂರ್ತಿ ಮೂರು ಟಚ್ ಇರುತ್ತದೆ, ಮೊದಲನೆಯದನ್ನು ಬ್ಲಾಕ್ ಮಾಡಿದವನೇ ಆಡಬಹುದು. ಒಂದೇ ನೆಗೆತದಲ್ಲಿ ಚೆಂಡು ಇಬ್ಬರು ಬ್ಲಾಕರ್‌ಗಳ ಕೈಗೆ ಟಪಟಪನೆ ತಾಗಿದರೂ ಅದು ಒಂದೇ ಬ್ಲಾಕ್. ಅಂದಿನಿಂದ ಬ್ಲಾಕ್ ತಾಗಿದ ಕೂಡಲೇ ಮನಸ್ಸಿನಲ್ಲಿ "ಸೊನ್ನೆ" ಅಂದುಕೊಂಡು, ಮುಂದಿನ ಸ್ಪರ್ಶದಿಂದ ಎಣಿಸುತ್ತೇನೆ.

ಕಷ್ಟವಿರುವುದು ಯಾವುದು ಬ್ಲಾಕ್ ಅನ್ನುವುದರಲ್ಲಿ. ಚೆಂಡು ತಾಗುವ ಹೊತ್ತಿಗೆ ನೆಟ್ ಹತ್ತಿರವಿರುವ ಮುಂದಿನ ಸಾಲಿನ ಆಟಗಾರನ ಮೈಯ ಯಾವುದಾದರೂ ಭಾಗ ನೆಟ್‌ನ ಮೇಲಂಚಿಗಿಂತ ಎತ್ತರದಲ್ಲಿರಬೇಕು. ತಡವಾಗಿ ನೆಗೆದವನು ಕೆಳಗಿಳಿಯುತ್ತಿರುವಾಗ, ಕೈಗಳೂ ಬಿಳಿ ಪಟ್ಟಿಗಿಂತ ಕೆಳಗೆ ಬಂದ ಮೇಲೆ ಚೆಂಡು ತಾಗಿದರೆ ಅದು ಬ್ಲಾಕ್ ಅಲ್ಲ, ಮೊದಲ ಟಚ್. ಆಮೇಲೆ ಅವನೇ ಇನ್ನೊಮ್ಮೆ ಮುಟ್ಟಿದರೆ ಡಬಲ್ ಟಚ್. ಅದಕ್ಕೇ ಸ್ಮ್ಯಾಷ್ ಹೊತ್ತಿಗೆ ನನ್ನ ಕಣ್ಣು ಬಿಳಿ ಪಟ್ಟಿಯ ಮೇಲಿರುತ್ತದೆ. ಚೆಂಡಿನ ಹಿಂದೆ ಕಣ್ಣು ಓಡಿದರೆ ಕೈ ಎಲ್ಲಿತ್ತು ಎಂದು ಹೇಳಲಾಗುವುದಿಲ್ಲ.

ನೆಟ್ ಟಚ್ ನೋಡಲು ಎರಡನೇ ಅಂಪೈರನ್ನು ನೆಚ್ಚುತ್ತೇನೆ. ಬ್ಲಾಕ್ ಮಾಡುವವರ ಕಡೆ ನಿಂತಿರುವ ಅವರಿಗೆ ಪಂದ್ಯಕ್ಕೆ ಮುಂಚೆ ಒಂದು ಮಾತು ಹೇಳಿರುತ್ತೇನೆ: ಚೆಂಡು ಹೋದ ಮೇಲೂ ಬ್ಲಾಕರ್ ನೆಲಕ್ಕಿಳಿದು ಸರಿಯಾಗಿ ನಿಲ್ಲುವ ತನಕ ನೆಟ್ ಬಿಟ್ಟು ಕಣ್ಣು ತೆಗೆಯಬೇಡಿ. ನೆಟ್‌ನ ಎರಡು ಬದಿಗೆ ಕಟ್ಟಿದ ಆಂಟೆನಾ ಕೋಲುಗಳ ನಡುವೆ, ಇಳಿಯುವಾಗ ಮೊಣಕೈ ತಾಗಿದರೂ ತಪ್ಪೇ. "ಚೆಂಡು ಆಗಲೇ ಹೋಗಿತ್ತು ಸಾರ್" ಅನ್ನುವ ವಾದ ನಿಲ್ಲುವುದಿಲ್ಲ. ಆದರೆ ಸ್ಮ್ಯಾಷ್ ನೆಟ್‌ಗೇ ಬಡಿದು, ನೆಟ್ ಉಬ್ಬಿ ಬಂದು ಬ್ಲಾಕರ್‌ನ ಕೈಗೆ ತಾಗಿದರೆ ತಪ್ಪಿಲ್ಲ. ಎರಡನ್ನೂ ಬೇರೆ ಮಾಡಲು ನಾನು ನೋಡುವುದು ಯಾವುದು ಮೊದಲು ಅಲುಗಿತು ಎಂಬುದನ್ನು. ಚೆಂಡಿನ ಪೆಟ್ಟಿಗೆ ನೆಟ್ ಕೈಯತ್ತ ಬರುತ್ತದೆ. ಆಟಗಾರ ಎಳೆದಾಗ ಚೆಂಡು ದೂರವಿದ್ದರೂ ಮೇಲಿನ ಪಟ್ಟಿ ಜಗ್ಗುತ್ತದೆ. ಸಡಿಲ ಕಟ್ಟಿದ ನೆಟ್‌ನಲ್ಲಿ ಈ ವ್ಯತ್ಯಾಸ ಕಾಣಿಸುವುದೇ ಇಲ್ಲ, ಹಾಗಾಗಿ ಟಾಸ್‌ಗೆ ಮುಂಚೆ ಹಗ್ಗವನ್ನು ನಾನೇ ಎಳೆದು ಬಿಗಿಸುತ್ತೇನೆ.