15 ಗ್ರಾಂ ಅಂದರೆ ಒಂದು ಪಾಲು: ಶುಗರ್ ಇರುವವರ ದಿನದ ಊಟ ಲೆಕ್ಕ ಹಾಕುವುದು ಹೇಗೆ

‘ಅನ್ನ ಕಡಿಮೆ ಮಾಡಿ’ ಎಂದು ಹೇಳಿಸಿಕೊಳ್ಳದ ಶುಗರ್ ಪೇಷಂಟ್ ಇರಲಿಕ್ಕಿಲ್ಲ. ಆದರೆ ಎಷ್ಟು ಕಡಿಮೆ? ಅನ್ನ ಬಿಟ್ಟು ಅದರ ಬದಲು ಎರಡು ಬಾಳೆಹಣ್ಣು ತಿಂದರೆ ಸರಿಹೋಗುತ್ತದಾ? ಡಯಟಿಷಿಯನ್ ಆಗಿ ನಾನು ದಿನವೂ ಕೇಳುವ ಪ್ರಶ್ನೆ ಇದು. ಇದಕ್ಕೆ ಉತ್ತರ ಕೊಡುವುದೇ ಎಕ್ಸ್‌ಚೇಂಜ್ ಪದ್ಧತಿ. ಅಮೆರಿಕದಲ್ಲಿ 1950ರಲ್ಲಿ ಇದರ ಮೊದಲ ಪಟ್ಟಿಗಳು ಬಂದವು.

ಪದ್ಧತಿ ಸುಲಭ. ಊಟದ ನಂತರ ರಕ್ತದಲ್ಲಿ ಸಕ್ಕರೆ ಏರಿಸುವುದು ಮುಖ್ಯವಾಗಿ ಕಾರ್ಬೋಹೈಡ್ರೇಟ್. 15 ಗ್ರಾಂ ಕಾರ್ಬ್ ಇರುವಷ್ಟು ಆಹಾರವನ್ನು ಒಂದು ಪಾಲು ಅಂತ ಲೆಕ್ಕ ಹಿಡಿಯುತ್ತೇವೆ. ಬೆಂದ ಅನ್ನ ಕಾಲು ಕಪ್ಪಿಗಿಂತ ಸ್ವಲ್ಪ ಜಾಸ್ತಿ, ಅಂದರೆ ಕಪ್ಪಿನ ಮೂರರಲ್ಲಿ ಒಂದು ಭಾಗ, ಒಂದು ಪಾಲು. 28 ಗ್ರಾಂ ತೂಗುವ ಬ್ರೆಡ್ ಸ್ಲೈಸ್ ಒಂದು ಪಾಲು. ಬೆಂದ ಬೇಳೆ ಅರ್ಧ ಕಪ್, ಚಿಕ್ಕ ಸೇಬು ಒಂದು, ದೊಡ್ಡ ಬಾಳೆಹಣ್ಣಿನ ಅರ್ಧ, ಇವೂ ಒಂದೊಂದು ಪಾಲು. 240 ಮಿಲಿ ಹಾಲಿನಲ್ಲಿ 12 ಗ್ರಾಂ ಇದ್ದರೂ ಒಂದು ಪಾಲು ಎಂದೇ ಎಣಿಸುತ್ತೇವೆ. ಇಲ್ಲಿ ಕಪ್ ಅಂದರೆ 240 ಮಿಲಿಯ ಅಳತೆ ಕಪ್, ಕಾಫಿ ಕುಡಿಯುವ ಕಪ್ಪಲ್ಲ. ಮೊಟ್ಟೆ, ಮೀನು, ಮಾಂಸ, ಎಣ್ಣೆಗೆ ಸೊನ್ನೆ. ಪಿಷ್ಟ ಇಲ್ಲದ ಬೆಂದ ತರಕಾರಿ ಅರ್ಧ ಕಪ್ಪಿಗೆ 5 ಗ್ರಾಂ ಮಾತ್ರ, ಹಾಗಾಗಿ ಅಷ್ಟಕ್ಕೆ ಲೆಕ್ಕ ಬೇಡ. ಆದರೆ ಆಲೂಗಡ್ಡೆ, ಮೆಕ್ಕೆಜೋಳ, ಬಟಾಣಿ ಈ ತರಕಾರಿಗಳ ಸಾಲಿಗೆ ಸೇರುವುದಿಲ್ಲ. ಅವು ಅನ್ನದ ಜೊತೆಗಾರರು.

ಮೊದಲು ನಿಮ್ಮ ಸೌಟನ್ನು ತೂಗಿ

ಪಟ್ಟಿಯನ್ನು ಗೋಡೆಗೆ ಅಂಟಿಸಿದರೆ ಸಾಲದು. ಪಟ್ಟಿಯಲ್ಲಿರುವ ಕಪ್ ನಿಮ್ಮ ತಟ್ಟೆಗೆ ಬರುವುದಿಲ್ಲ, ಸೌಟು ಬರುತ್ತದೆ. ಅಡುಗೆಮನೆಗೆ ಒಂದು ಡಿಜಿಟಲ್ ತಕ್ಕಡಿ ತನ್ನಿ. ಹೀಗೆ ಮಾಡಿ.

200 ಗ್ರಾಂ ಅಕ್ಕಿ ತೂಗಿಕೊಳ್ಳಿ. ಅಕ್ಕಿಯಲ್ಲಿ ನೂರಕ್ಕೆ ಸುಮಾರು 80 ಗ್ರಾಂ ಕಾರ್ಬ್, ಅಲ್ಲಿಗೆ ಪಾತ್ರೆಯಲ್ಲಿ 160 ಗ್ರಾಂ. ಖಾಲಿ ಪಾತ್ರೆಯನ್ನೂ ತೂಗಿಡಿ. ಅನ್ನ ಆದ ಮೇಲೆ ಮತ್ತೆ ತೂಗಿ, ಪಾತ್ರೆಯ ತೂಕ ಕಳೆಯಿರಿ. 560 ಗ್ರಾಂ ಅನ್ನ ಬಂತು ಅಂದುಕೊಳ್ಳಿ. 560ನ್ನು 160ರಿಂದ ಭಾಗಿಸಿ 15ರಿಂದ ಗುಣಿಸಿದರೆ 52.5. ಅಂದರೆ ಈ ಅನ್ನದಲ್ಲಿ ಸುಮಾರು 52 ಗ್ರಾಂ ಒಂದು ಪಾಲು. ಈಗ ದಿನಾ ಬಡಿಸುವ ಸೌಟಿನಲ್ಲಿ ತಲೆ ಸಮವಾಗಿ ಅನ್ನ ತೆಗೆದು ತೂಗಿ. 78 ಗ್ರಾಂ ಬಂದರೆ ಆ ಸೌಟು ಒಂದೂವರೆ ಪಾಲಿನದು. ಎರಡು ಸೌಟು ಮೂರು ಪಾಲು. ಇದನ್ನು ಒಮ್ಮೆ ಬರೆದಿಟ್ಟುಕೊಂಡರೆ ದಿನಾ ತೂಗುವ ಕೆಲಸವಿಲ್ಲ.

ಆದರೆ ನೀರಿನ ಮೇಲೆ ಕಣ್ಣಿರಲಿ. ಅದೇ 200 ಗ್ರಾಂ ಅಕ್ಕಿಗೆ ಜಾಸ್ತಿ ನೀರು ಹಾಕಿ ಮೆತ್ತಗೆ ಮಾಡಿ, 700 ಗ್ರಾಂ ಅನ್ನ ಆಯಿತು ಅನ್ನಿ. ಆಗ ಒಂದು ಪಾಲು ಸುಮಾರು 65 ಗ್ರಾಂ. ನೀರಿಗೆ ತೂಕ ಇದೆ, ಕಾರ್ಬ್ ಇಲ್ಲ. ಹಸಿ ಅಕ್ಕಿಯ ಲೆಕ್ಕವನ್ನು ಬೆಂದ ಅನ್ನಕ್ಕೆ ಹಾಕಿ ಎಡವುವವರು ಬಹಳ ಮಂದಿ. ಇದೇ ವಿಧಾನ ಪಾತ್ರೆಯಲ್ಲಿ ಬೇಯುವ ಯಾವ ಅಡುಗೆಗೂ ಆಗುತ್ತದೆ.

ಒಂದು ದಿನದ ಲೆಕ್ಕ

54 ವರ್ಷದ ಒಬ್ಬರಿದ್ದಾರೆ ಅಂದುಕೊಳ್ಳಿ. ಟೈಪ್ 2 ಡಯಾಬಿಟಿಸ್, ಮಾತ್ರೆ ತೆಗೆದುಕೊಳ್ಳುತ್ತಾರೆ. ತೂಕ, ಓಡಾಟ, ಔಷಧಿ ನೋಡಿ ಅವರಿಗೆ ದಿನಕ್ಕೆ 12 ಪಾಲು ನಿಗದಿಯಾಗಿದೆ. ಬೆಳಗ್ಗೆ 3, ಹನ್ನೊಂದಕ್ಕೆ 1, ಮಧ್ಯಾಹ್ನ 4, ಸಂಜೆ 1, ರಾತ್ರಿ 3. ಈ ಸಂಖ್ಯೆ ಅವರದು. ನಿಮ್ಮದನ್ನು ನಿಮ್ಮ ಡಾಕ್ಟರ್ ಅಥವಾ ಡಯಟಿಷಿಯನ್ ಹೇಳಬೇಕು.

ಬೆಳಗ್ಗೆ ಎರಡು ಬ್ರೆಡ್ ಸ್ಲೈಸ್, ಒಂದು ಲೋಟ ಹಾಲು, ಮೊಟ್ಟೆ. ಮೂರು ಪಾಲು ಮುಗಿಯಿತು. ಹನ್ನೊಂದಕ್ಕೆ ಚಿಕ್ಕ ಸೇಬು. ಮಧ್ಯಾಹ್ನ ನಮ್ಮ ಸೌಟಿನಲ್ಲಿ ಎರಡು ಅನ್ನ, ಅರ್ಧ ಕಪ್ ಬೇಳೆ, ಜೊತೆಗೆ ತರಕಾರಿ. ಸಂಜೆ ಸಪ್ಪೆ ಮೊಸರು, ಮುಕ್ಕಾಲು ಕಪ್ಪಿಗಿಂತ ಸ್ವಲ್ಪ ಕಡಿಮೆ. ರಾತ್ರಿ ಬೇಯಿಸಿದ ಆಲೂಗಡ್ಡೆ 170 ಗ್ರಾಂ, ಅದು ಎರಡು ಪಾಲು. ಅರ್ಧ ಕಪ್ ಮೆಕ್ಕೆಜೋಳ ಒಂದು. ಪಕ್ಕದಲ್ಲಿ ಮೀನು.

ಮಧ್ಯಾಹ್ನ ಬಾಳೆಹಣ್ಣು ತಿನ್ನುವ ಆಸೆಯಾಯಿತಾ? ಅರ್ಧ ಹಣ್ಣು ತಿನ್ನಲಿ, 52 ಗ್ರಾಂ ಅನ್ನ ತಟ್ಟೆಯಿಂದ ತೆಗೆಯಲಿ. ಎಕ್ಸ್‌ಚೇಂಜ್ ಅಂದರೆ ಇಷ್ಟೇ. ಆದರೆ ಬದಲಾವಣೆ ಅದೇ ಹೊತ್ತಿನ ಊಟದೊಳಗೇ ನಡೆಯಬೇಕು. ಬೆಳಗಿನ ಮೂರು ಪಾಲು ಉಳಿಸಿ ರಾತ್ರಿ ಆರು ತಿಂದರೆ ದಿನದ ಮೊತ್ತವೇನೋ 12 ಆಗುತ್ತದೆ. ರಾತ್ರಿ ಶುಗರ್ ಮಾತ್ರ ಏರುತ್ತದೆ. ಕೆಲವು ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡವರಿಗೆ ಬೆಳಗ್ಗೆ ಶುಗರ್ ಕುಸಿದು ಕೈ ನಡುಗಲೂಬಹುದು.

ಲೆಕ್ಕ ಎಲ್ಲಿ ಜಾರುತ್ತದೆ

ಒಬ್ಬರು ನನ್ನ ಹತ್ತಿರ ಬಂದು, ‘ಮೇಡಂ, ನೀವು ಹೇಳಿದ ಹಾಗೇ 12 ಪಾಲು ತಿಂತಿದ್ದೀನಿ, ಆದ್ರೂ ಶುಗರ್ ಇಳೀತಿಲ್ಲ’ ಅಂದರು. ತಟ್ಟೆಯಲ್ಲಿ ತಪ್ಪಿರಲಿಲ್ಲ. ಕಾಫಿ ಎಷ್ಟು ಸಲ ಎಂದು ಕೇಳಿದೆ. ದಿನಕ್ಕೆ ನಾಲ್ಕು. ಪ್ರತಿ ಸಲ 60 ಮಿಲಿ ಹಾಲು, ಒಂದು ಚಮಚ ಸಕ್ಕರೆ. ಹಾಲು ಒಟ್ಟು 240 ಮಿಲಿ, ಅಲ್ಲಿಗೆ ಒಂದು ಪಾಲು. ನಾಲ್ಕು ಟೀ ಚಮಚ ಸಕ್ಕರೆ 16 ಗ್ರಾಂ, ಇನ್ನೊಂದು ಪಾಲು. ಅವರು ದಿನಾ 14 ಪಾಲು ತಿನ್ನುತ್ತಿದ್ದರು, ಪಾಪ, ಗೊತ್ತೇ ಇರಲಿಲ್ಲ.

ಪ್ಯಾಕೆಟ್ ತಿಂಡಿಗಳಲ್ಲಿ ಇನ್ನೊಂದು ಜಾರು. ದಪ್ಪ ಬ್ರೆಡ್ ಸ್ಲೈಸಿನ ಲೇಬಲ್‌ನಲ್ಲಿ ಕಾರ್ಬ್ 21 ಗ್ರಾಂ ಅಂತಿದ್ದರೆ ಅದು ಒಂದೂವರೆ ಪಾಲು. 11ರಿಂದ 20 ಗ್ರಾಂವರೆಗೆ ಒಂದು, 21ರಿಂದ 25ಕ್ಕೆ ಒಂದೂವರೆ, 26ರಿಂದ 35ಕ್ಕೆ ಎರಡು ಎಂದು ಹಿಡಿಯುತ್ತೇವೆ. ‘ಸಕ್ಕರೆ’ ಎಂಬ ಸಾಲು ನೋಡಬೇಡಿ, ಒಟ್ಟು ಕಾರ್ಬೋಹೈಡ್ರೇಟ್ ಸಾಲು ನೋಡಿ. ಬೇರೆ ದೇಶದ ಪಟ್ಟಿ ಕೈಗೆ ಸಿಕ್ಕರೆ ಪಾಲು ಎಷ್ಟು ಗ್ರಾಮಿನದು ಎಂದು ಮೊದಲು ಓದಿ. ಬ್ರಿಟನ್ನಿನಲ್ಲಿ 10 ಗ್ರಾಂ ಲೆಕ್ಕ ಬಳಕೆಯಲ್ಲಿದೆ.

ನಿಮ್ಮ ಎಣಿಕೆ ಸರಿಯೋ ಇಲ್ಲವೋ ಗ್ಲುಕೋಮೀಟರ್ ಹೇಳುತ್ತದೆ. ಊಟಕ್ಕೆ ಮೊದಲು ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಮ್ಮೆ ನೋಡಿ. ಒಂದು ದಿನ ನಾಲ್ಕು ಪಾಲಿಗೆ 128 ಇದ್ದದ್ದು 168 ಆಗಿ, ಇನ್ನೊಂದು ದಿನ ಅದೇ ನಾಲ್ಕು ಪಾಲಿಗೆ 131ರಿಂದ 224ಕ್ಕೆ ಹೋದರೆ, ಆ ದಿನದ ಅನ್ನವನ್ನು ಮತ್ತೆ ತೂಗಿ. ಸೌಟು ಬದಲಾಗಿರಬಹುದು, ತಲೆ ಸಮ ಇದ್ದದ್ದು ಗುಡ್ಡೆಯಾಗಿರಬಹುದು. ತೂಕ ಸರಿ ಇದ್ದೂ ಏರಿದರೆ ಆಹಾರದ ಸ್ವಭಾವ ನೋಡಬೇಕು. 120 ಮಿಲಿ ಹಣ್ಣಿನ ರಸವೂ ಒಂದು ಪಾಲು, ಅರ್ಧ ಕಪ್ ಬೇಳೆಯೂ ಒಂದು ಪಾಲು. ಆದರೆ ರಸ ಬೇಗ ರಕ್ತಕ್ಕೆ ಸೇರುತ್ತದೆ, ಬೇಳೆ ನಿಧಾನ. ಈ ವ್ಯತ್ಯಾಸವನ್ನು ಪಾಲಿನ ಲೆಕ್ಕ ತೋರಿಸುವುದಿಲ್ಲ. ಸೊನ್ನೆ ಪಾಲಿನ ಎಣ್ಣೆಯಲ್ಲಿರುವ ಕ್ಯಾಲೊರಿಯನ್ನೂ ತೋರಿಸುವುದಿಲ್ಲ.

ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಪಾಲು ಮತ್ತು ಡೋಸ್ ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ. ಪಾಲು ಹೆಚ್ಚುಕಡಿಮೆ ಮಾಡುವ ಮೊದಲು ಡಾಕ್ಟರನ್ನು ಕೇಳಿ. ಶುಗರ್ 70ಕ್ಕಿಂತ ಕೆಳಗಿಳಿದರೆ ಮಾತ್ರ ಯಾರನ್ನೂ ಕಾಯಬೇಡಿ. ಆಗಲೇ 15 ಗ್ರಾಂ ಗ್ಲುಕೋಸ್ ತೆಗೆದುಕೊಂಡು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ 70 ದಾಟಿರದಿದ್ದರೆ ಮತ್ತೆ 15 ಗ್ರಾಂ ತೆಗೆದುಕೊಳ್ಳಿ. ಆ ಗ್ಲುಕೋಸನ್ನು ದಿನದ 12ರಲ್ಲಿ ಕಳೆಯಬಾರದು, ಮುಂದಿನ ಊಟದ ಪಾಲು ಪೂರ್ತಿ ತಿನ್ನಬೇಕು.