4 ಗಂಟೆಯ ರಿಗ್ರೆಶನ್ ಸೂಟ್ 20 ನಿಮಿಷಕ್ಕೆ ಇಳಿದದ್ದು

ಮಂಗಳೂರಿನ ನಮ್ಮ ಆಫೀಸಿನಲ್ಲಿ ಸಹಕಾರಿ ಸಂಘಗಳ ಸಾಲದ ಲೆಕ್ಕಕ್ಕೆ ಸಾಫ್ಟ್‌ವೇರ್ ಮಾಡುತ್ತೇವೆ. ಟೆಸ್ಟುಗಳು 3,000ದ ಆಸುಪಾಸು, ಪೂರ್ತಿ ಓಡಲು 4 ಗಂಟೆ. ಮೊದಲು ಏಳೆಂಟು ಮೆಷಿನ್ ಬಾಡಿಗೆಗೆ ಹಿಡಿದು ಹಂಚಿ ಓಡಿಸಿದೆವು. ತಿಂಗಳ ಬಿಲ್ ಸುಮಾರು 12 ಸಾವಿರದಿಂದ 50 ಸಾವಿರಕ್ಕೆ ಹಾರಿತು. ಡೇಟಾಬೇಸ್ ಒಂದೇ ಆದ್ದರಿಂದ ಟೆಸ್ಟುಗಳು ಒಂದರ ದಾಖಲೆಯನ್ನು ಇನ್ನೊಂದು ಅಳಿಸಿ ಸುಮ್ಮನೆ ಕೆಂಪಾಗುತ್ತಿದ್ದವು.

ಬದಲಾದ ಕೋಡಿಗೆ ತಾಗುವ ಟೆಸ್ಟ್ ಮಾತ್ರ ಓಡಿಸುವ ಎಂದೆ. "ಅದೆಲ್ಲ ಆಗ್ಲಿಕ್ಕಿಲ್ಲ ಮಾರಾಯ್ರೆ, ಒಂದು ತಪ್ಪಿದ್ರೆ ಸೊಸೈಟಿಯವರು ಬಿಡ್ತಾರಾ?" ಎಂದರು ನಮ್ಮ ಲೀಡ್.

ಯಾವ ಟೆಸ್ಟ್ ಕೋಡಿನ ಯಾವ ಸಾಲನ್ನು ಮುಟ್ಟುತ್ತದೆ ಎಂಬ ನಕ್ಷೆ ಹೀಗೆ ಸಿಗುತ್ತದೆ:

```
pytest --cov=src --cov-context=test
coverage json --show-contexts
```

ನಕ್ಷೆ ಹಳೆಯ ಕಮಿಟ್‌ನದ್ದು. ಆದ್ದರಿಂದ ಆ ಕಮಿಟ್‌ಗೆ ಹೋಲಿಸಿ `git diff -U0` ಕೊಡುವ ಹಳೆಯ ಬದಿಯ ಸಾಲಿನ ನಂಬರನ್ನೇ ಹಿಡಿಯಬೇಕು. ಹೊಸದಾಗಿ ಸೇರಿದ ಸಾಲಿಗೆ ಹಳೆಯ ನಂಬರ್ ಇಲ್ಲ. ಅದನ್ನು ನಾನು ಜೋಡಿಸಿದ ಉಪಾಯ ಸದ್ಯಕ್ಕೆ ನನ್ನಲ್ಲೇ ಇರಲಿ.

ದೊಡ್ಡ ಪೆಟ್ಟು ಬಿದ್ದದ್ದು ಫೈಲಿನ ಮೇಲ್ಭಾಗದಲ್ಲಿದ್ದ ಸುಸ್ತಿ ಬಡ್ಡಿಯ ದರ `PENAL_RATE` ಬದಲಾದ ದಿನ. ಒಂದೂ ಟೆಸ್ಟ್ ಆಯ್ಕೆಯಾಗಲಿಲ್ಲ, ಅರೆ ನಿಮಿಷದಲ್ಲಿ ಎಲ್ಲ ಹಸಿರು! ರಾತ್ರಿಯ ಪೂರ್ತಿ ಓಟದಲ್ಲಿ ಸುಸ್ತಿ ಬಡ್ಡಿಯ ಟೆಸ್ಟುಗಳು ಸಾಲಾಗಿ ಬಿದ್ದವು. ಫೈಲಿನ ಮೇಲ್ಭಾಗದ ಸಾಲುಗಳು ಇಂಪೋರ್ಟ್ ಆಗುವಾಗಲೇ, ಯಾವ ಟೆಸ್ಟೂ ಶುರುವಾಗುವ ಮೊದಲು ಓಡುತ್ತವೆ. ಹಾಗಾಗಿ ನಕ್ಷೆಯಲ್ಲಿ ಅವುಗಳ ಎದುರು ಖಾಲಿ ಹೆಸರು. ಅಂಥ ಸಾಲು ಬದಲಾದರೆ ಆ ಫೈಲನ್ನೂ ಅದನ್ನು ಇಂಪೋರ್ಟ್ ಮಾಡುವ ಫೈಲುಗಳನ್ನೂ ಮುಟ್ಟುವ ಎಲ್ಲ ಟೆಸ್ಟುಗಳನ್ನು ಎಳೆದು ತರುವಂತೆ ಮಾಡಿದೆ. ಆಮೇಲೆ ಒಂದು ಮಾಮೂಲಿ ಬದಲಾವಣೆಗೆ 20 ನಿಮಿಷ ಸಾಕಾಯಿತು, ಬಿಲ್ ಮೊದಲಿಗಿಂತಲೂ ಕೆಳಗೆ ಬಂತು. ಲೀಡ್ ಈಗ ಬೇರೆ ಟೀಮಿನವರಿಗೂ ಇದನ್ನೇ ತೋರಿಸುತ್ತಾರೆ.

ನಡುವೆ, ಇತ್ತೀಚೆಗೆ ಬಿದ್ದ ಟೆಸ್ಟುಗಳನ್ನು ಮೊದಲು ಓಡಿಸಿಯೂ ನೋಡಿದೆ. ಕೆಂಪು ಬೇಗ ಕಾಣುತ್ತದೆ, ಒಟ್ಟು ಸಮಯ ಅಷ್ಟೇ.

ಟೆಸ್ಟ್ ಕಿತ್ತುಹಾಕುವ ಕೆಲಸ ಇದಕ್ಕಿಂತ ಸೂಕ್ಷ್ಮ. ಸುಸ್ತಿ ಬಡ್ಡಿಯ ಫಂಕ್ಷನ್‌ಗೆ 40 ಟೆಸ್ಟುಗಳಿದ್ದವು, ಹೆಚ್ಚಿನವು ಅವೇ ಸಾಲುಗಳನ್ನು ಮುಟ್ಟುತ್ತಿದ್ದವು. ಕವರೇಜ್ ಒಂದನ್ನೇ ನಂಬಿದರೆ ಮೂರು ಉಳಿಸಿ ಉಳಿದದ್ದು ಬಿಸಾಡಬಹುದು. ನಾನು ಕೋಡನ್ನೇ ಬೇಕೆಂದು ಕೆಡಿಸಿದೆ: `paid_on > due_date` ಇದ್ದದ್ದನ್ನು `>=` ಮಾಡಿದೆ. ವಾಯಿದೆಯ ದಿನವೇ ಹಣ ಕಟ್ಟುವ ಟೆಸ್ಟ್ ಒಂದು ಮಾತ್ರ ಬಿತ್ತು, ಅದು ಆ ಮೂರರಲ್ಲಿ ಇರಲೇ ಇಲ್ಲ! ಹೀಗೆ ಒಂದೊಂದೇ ಕಡೆ ಕೆಡಿಸುತ್ತಾ, ಬೇರೆ ಯಾವುದೂ ಹಿಡಿಯದ ತಪ್ಪನ್ನು ಹಿಡಿದ ಟೆಸ್ಟನ್ನು ಉಳಿಸಿಕೊಂಡೆ. 40ರಲ್ಲಿ ಹನ್ನೊಂದೋ ಹನ್ನೆರಡೋ ಉಳಿದವು. ಎರಡು ವರ್ಷದಿಂದ ಬಿದ್ದಿಲ್ಲ ಎಂಬ ಕಾರಣಕ್ಕೆ ಒಂದನ್ನೂ ತೆಗೆಯಲಿಲ್ಲ.

SQL ಫೈಲು, ರಸೀದಿಯ ಟೆಂಪ್ಲೇಟು ಬದಲಾದರೆ ಈ ನಕ್ಷೆಗೆ ಕಾಣುವುದಿಲ್ಲ. ಅವುಗಳಲ್ಲಿ ಯಾವುದನ್ನು ಮುಟ್ಟಿದರೂ ಪೂರ್ತಿ ಸೂಟ್ ಓಡುತ್ತದೆ. ಇಲ್ಲದಿದ್ದರೂ ದಿನಾ ರಾತ್ರಿ ಪೂರ್ತಿ ಓಟ ಉಂಟು, ನಕ್ಷೆ ಹೊಸದಾಗುವುದು ಅದರಿಂದಲೇ.